ಕುಂದ್ರಿ ಅಮ್ಮ, ಕರೀತೀವಿ

ಹಂಪಿಯ ಉತ್ಸವಕ್ಕೆ ಸ್ವಯಂಸೇವಕಿಯರಾಗಿ ಬರುವ ಕಾಲೇಜು ಹುಡುಗಿಯರಿಗೆ ಜನರೊಡನೆ ಹೇಗೆ ಮಾತಾಡಬೇಕೆಂದು ಎರಡು ಪುಟ ಬರೆದುಕೊಡುವ ಕೆಲಸ ನನಗೆ ಬಂತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಮೆತ್ತಗೆ ಮಾತಾಡುವವಳು ಎಂದು ನಮ್ಮ ಮಹಿಳಾ ಮಂಡಳಿಯವರಿಗೆ ಒಂದು ನಂಬಿಕೆ.

ಹೊಸಪೇಟೆಯ ಒಂದು ಶಾಲೆಯ ಕೋಣೆಯಲ್ಲಿ ಹುಡುಗಿಯರನ್ನು ಬೆಂಚುಗಳ ಮೇಲೆ ಕೂರಿಸಿ ಓದಿ ಹೇಳಿದೆ. "ದಯವಿಟ್ಟು ಸರತಿ ಸಾಲಿನಲ್ಲಿ ನಿಂತು ಸಹಕರಿಸಿ."

ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. "ಆಂಟಿ, ಹಿಂಗಂದ್ರ ರೇಡಿಯೋದಾಗ ವಾರ್ತೆ ಓದಿದಂಗ ಆಗ್ತೈತ್ರಿ. ಕಂಪ್ಲಿ ಕಡೆಯಿಂದ ಟ್ರ್ಯಾಕ್ಟರ್ ತುಂಬ ಬಂದೋರು ಕೇಳ್ತಾರೇನ್ರಿ?"

"ಮತ್ತ ಹೆಂಗ ಹೇಳ್ತೀಯವ್ವ?"

"ಲೈನಿನಾಗ ಬರ್ರಿ ಅಣ್ಣ, ನೂಕಬ್ಯಾಡ್ರಿ, ಮುಂದ ಹೆಣ್ಮಕ್ಕಳು ಅದಾರ ಅಂತೀನ್ರಿ."

ಅದೇ ಸರಿಯೆನಿಸಿತು. ಎಲ್ಲವನ್ನೂ ನಮ್ಮ ಮಾತಿಗೆ ತಿದ್ದಿದೆವು. ಸಿಟ್ಟಾದವರ ಮಾತನ್ನು ಮೊದಲು ಪೂರ್ತಿ ಕೇಳಿ, ಆಮೇಲೆ "ನಿಮಗ ತ್ರಾಸ ಆಗೇತ್ರಿ, ತಡೀರಿ, ದೊಡ್ಡವರನ್ನ ಕರಕೊಂಡು ಬರ್ತೀನಿ" ಎನ್ನಬೇಕು. ವಯಸ್ಸಾದವರನ್ನು ಮುದುಕಿ, ಮುದುಕ ಎನ್ನಕೂಡದು. ಕೇಳದೆ ರಟ್ಟೆ ಹಿಡಿದು ಎಳೆಯಕೂಡದು. ವೇದಿಕೆಯ ಮುಂದೆ ಜಾಗ ತುಂಬಿದ್ದರೆ ಗೇಟಿನ ಪಕ್ಕದ ಚಪ್ಪರದಲ್ಲಿ ಅವರಿಗೆ ಕುರ್ಚಿ ಕೊಟ್ಟು, "ಕುಂದ್ರಿ ಅಮ್ಮ, ಕರೀತೀವಿ" ಎನ್ನಬೇಕು. ಒಂದು ತಂಡದ ಕುಣಿತ ಮುಗಿದು ಜನ ಎದ್ದಾಗ ಅವರನ್ನು ಒಳಗೆ ಕರೆದೊಯ್ಯಬೇಕು. "ಕುಂದ್ರಿ ಅಮ್ಮ, ಕರೀತೀವಿ" ಎಂಬ ವಾಕ್ಯ ನನಗೆ ಬಹಳ ಹಿಡಿಸಿತ್ತು. ಹುಡುಗಿಯರಿಂದ ನಾಲ್ಕು ಸಲ ಹೇಳಿಸಿದೆ.

ಉತ್ಸವದ ದಿನ ಮಧ್ಯಾಹ್ನ ಊರೂರಿನ ತಂಡಗಳ ಕುಣಿತ. ನಾನು ಇಡೀ ಹೊತ್ತು ಸಾಲಿನ ಬಳಿಯೇ ಇದ್ದೆ. ಜನ ನಮ್ಮ ಹುಡುಗಿಯರ ಮಾತಿಗೆ ನಗುತ್ತ ಹಿಂದೆ ಸರಿಯುತ್ತಿದ್ದರು. ಒಳಗೊಳಗೇ ಹಿಗ್ಗಿದ್ದೆ.

ಬಿಸಿಲು ಇಳಿದು ಜನ ಕರಗಿದಾಗ ಹುಡುಗಿಯರ ಬ್ಯಾಡ್ಜುಗಳನ್ನು ಒಟ್ಟು ಮಾಡುತ್ತ ಚಪ್ಪರಕ್ಕೆ ಬಂದೆ. ಖಾಲಿ ಕುರ್ಚಿಗಳ ನಡುವೆ ಒಬ್ಬ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮಡಿಕೆ ಬಿಡದ ಇಳಕಲ್ ಸೀರೆ. ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಯಾರಿಗೆ ಕಾಯಾಕತ್ತೀರಮ್ಮ?"

"ಕರೀತೀವಿ ಅಂದಾರವ್ವ. ನಮ್ಮೂರು ಮೆಟ್ರಿ ಹುಡುಗೇರ ಕೋಲಾಟ ಐತಲ್ಲ, ಅದರಾಗ ನಮ್ಮ ಮೊಮ್ಮಗಳು ಅದಾಳ. ಅದನ್ನ ನೋಡಾಕಂತ ಬಂದೀನಿ."

ಮೆಟ್ರಿಯ ಕೋಲಾಟ ಮುಗಿದು ಒಂದು ತಾಸಿನ ಮೇಲಾಗಿತ್ತು.

ನಾನು ಹುಡುಗಿಯರನ್ನು ಕೇಳಿದೆ. ಅಜ್ಜಿಯನ್ನು ಕೂರಿಸಿದವಳು ಪಾಳಿ ಬದಲಾದಾಗ ಇನ್ನೊಂದು ಗೇಟಿಗೆ ಹೋಗಿದ್ದಳು. ಅವಳ ನಂತರದವಳು ನೀರು ಕೊಟ್ಟು, "ಆರಾಮ ಕುಂದ್ರಿ ಅಮ್ಮ, ಕರೀತೀವಿ" ಎಂದಿದ್ದಳು. ಮೂರನೆಯವಳೂ ಅದನ್ನೇ ಅಂದಿದ್ದಳು. ಯಾರೂ ಒರಟಾಗಿರಲಿಲ್ಲ. ಕರೆಯುವವರು ಯಾರು, ಪಾಳಿ ಬಿಡುವಾಗ ಯಾರಿಗೆ ಹೇಳಿ ಹೋಗಬೇಕು ಎಂಬುದನ್ನು ನಾನು ಆ ಎರಡು ಪುಟಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ.

"ಅಮ್ಮ, ಮೈಕಿನಾಗ ಮೆಟ್ರಿ ಅಂತ ಕೂಗಿದ್ರಲ್ಲ, ನೀವ ಎದ್ದು ಬರಬೇಕಿತ್ತಲ್ಲರಿ," ಎಂದೆ. ಹೇಳಿದ ಕೂಡಲೇ ನಾಲಗೆ ಕಚ್ಚಿಕೊಂಡೆ.

"ಕೇಳಿಸ್ತವ್ವ. ಹಾಡೂ ಕೇಳಿಸ್ತು. ಅಷ್ಟು ಮರ್ಯಾದಿಲೆ ಕುಂದ್ರಿಸಿ ಕರೀತೀವಿ ಅಂದಾರ, ಕರೆಯೋತನಕ ಹೆಂಗ ಏಳಲಿ? ನಾನೇನು ಹಸಗೂಸ?"

ಬೀಗರ ಮನೆಯ ಊಟಕ್ಕೆ ಬಂದವರಂತೆ ಅವರು ನನ್ನ ವಾಕ್ಯವನ್ನು ಆಮಂತ್ರಣವೆಂದು ತಿಳಿದಿದ್ದರು. ನಾನು ಅದನ್ನು ಗದ್ದಲ ತಗ್ಗಿಸಲು ಬರೆದಿದ್ದೆ. "ಮುಗದೈತ್ರಿ ಅಮ್ಮ," ಎಂದೆ. "ತಪ್ಪು ನನ್ನದು."

ಅವರು ಚೀಲದ ಬಾಯಿಯನ್ನು ಮಡಚಿ ಮತ್ತೆ ಬಿಡಿಸಿದರು. ಅಷ್ಟರಲ್ಲಿ ಹನ್ನೆರಡರ ಹುಡುಗಿಯೊಂದು ಓಡುತ್ತ ಬಂತು. ಕೆನ್ನೆಗೆ ಬಳಿದ ಕೆಂಪು ಬಣ್ಣ ಬೆವರಿಗೆ ಇಳಿದು ಕಿವಿಯ ತನಕ ಹರಡಿತ್ತು.

"ಅಜ್ಜೀ, ನೋಡ್ದೇನು?"

ಅಜ್ಜಿ ನನ್ನ ಕಡೆ ಒಮ್ಮೆ ನೋಡಿ, "ನೋಡ್ದೆನಲ್ಲ, ಭಾಳ ಚಂದಿತ್ತು," ಎಂದರು.

"ನನ್ನ ಕೋಲು ಕೈ ಜಾರಿ ಬಿತ್ತು. ಕಂಡಿತೇನು ನಿನಗ?"

"ಇಲ್ಲವ್ವ. ನಾ ನಿನ್ನ ಮುಖಾನ ನೋಡ್ಕೋತ ಕುಂತಿದ್ದೆ."

ಹುಡುಗಿ ನೆಮ್ಮದಿಯ ನಿಟ್ಟುಸಿರು ಬಿಟ್ಟು, ಟೆಂಪೋ ಹೊರಡುತ್ತದೆಯೆಂದು ಚೀಲ ತೆಗೆದುಕೊಂಡು ಮುಂದೆ ಓಡಿತು. ಅಜ್ಜಿಗೆ ಏಳಲು ಕೈ ಕೊಡಲೇ ಎಂದು ಕೇಳಿ, ಕೊಟ್ಟೆ. ಮೊಣಕಾಲು ಹಿಡಿದುಹೋಗಿದ್ದವು. ನಾಲ್ಕು ಹೆಜ್ಜೆ ನಡೆದು ನಿಂತರು.

"ತಂಗೀ, ನೀ ಅಲ್ಲೇ ಇದ್ದೆಲ್ಲ," ಎಂದು ದನಿ ತಗ್ಗಿಸಿ ಕೇಳಿದರು. "ಆಕಿ ಯಾವ ಕಡೆ ನಿಂತಿದ್ಲು? ಮುಂದೋ, ಹಿಂದೋ? ದಾರ್‍ಯಾಗ ಕೇಳ್ತಾಳ ಆಕಿ."

ಸಾಲು ನೋಡಿಕೊಳ್ಳುತ್ತ ನಾನು ವೇದಿಕೆಯ ಕಡೆ ಒಮ್ಮೆಯೂ ತಿರುಗಿರಲಿಲ್ಲ.

"ಮುಂದ ಇದ್ಲು ಅಮ್ಮ," ಎಂದೆ.