ಮುಂಜಾನೆಯ ಭೂಪ

ಸಂಗೀತದ ಪುಸ್ತಕ ಕೊಳ್ಳುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯಲ್ಲೇ ನಿಂತು ನಡುವಿನ ಒಂದು ಪುಟ ತೆರೆಯಿರಿ. ಸ ರಿ ಗ ಅಕ್ಷರಗಳಲ್ಲಿ ಕೆಲವಕ್ಕೆ ಕೆಳಗೆ ಅಡ್ಡಗೆರೆ, ಮ ಅಕ್ಷರದ ತಲೆಯ ಮೇಲೆ ಉದ್ದಗೆರೆ, ಕೆಲವಕ್ಕೆ ಮೇಲೊಂದು ಚುಕ್ಕೆ, ಕೆಲವಕ್ಕೆ ಕಾಲಡಿ ಒಂದು ಚುಕ್ಕೆ, ಸಾಲಿನ ಕೆಳಗೆ ಗುಣಿಸುವ ಗುರುತು, ಸೊನ್ನೆ ಕಂಡವೋ, ಸುಮ್ಮನೆ ವಾಪಸ್ಸಿಡಿ. ಅದು ಹಾಡುವವರ ಪುಸ್ತಕ. ನಮ್ಮಂಥ ಕೇಳುವವರದಲ್ಲ.

ನನಗೆ ಇದನ್ನು ಹೇಳುವವರಿರಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ, ಮನೆ ಹಾವೇರಿಯಲ್ಲಿ. ಖರೀದಿದಾರರೊಬ್ಬರು ರಾಣೆಬೆನ್ನೂರಿನ ತಮ್ಮ ಮನೆಯ ಸಂಗೀತದ ಬೈಠಕ್ಕಿಗೆ ಕರೆದಿದ್ದರು. ನಾನು, ನನ್ನ ಹೆಂಡತಿ ಹೋದೆವು. ಎಲ್ಲರೂ ಒಮ್ಮೆಲೇ ‘ವ್ಹಾ’ ಅಂದರು. ಅವರಾದ ಮೇಲೆ ನಾನೂ ಅಂದೆ. ಮುಂದೆ ಕೂತವರು ತಿರುಗಿ ನೋಡಿದರು. ಚೌಕಾಸಿಯಲ್ಲಿ ಯಾರಿಗೂ ಸೋಲದವನು ‘ವ್ಹಾ’ ಅನ್ನುವುದರಲ್ಲಿ ಹಿಂದೆ ಬಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ಮರುವಾರವೇ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಪುಸ್ತಕವನ್ನು ಚೌಕಾಸಿ ಮಾಡಿ ತಂದೆ. ಒಳಗೆ ಬರೀ ಗೆರೆ, ಚುಕ್ಕೆ, ಸೊನ್ನೆ. ಹೆಂಡತಿ ಒಂದೆರಡು ಪುಟ ಮಗುಚಿ ನೋಡಿ, “ಏನ್ರೀ ಇದು, ರಂಗೋಲಿ ಪುಸ್ತಕ ತಂದೀರೇನು?” ಅಂದಳು.

ಆಮೇಲೆ ಸಿಕ್ಕಿದ್ದು ತೆಳುವಾದದ್ದು, ಸ್ವರಲಿಪಿ ಬಾರದವರಿಗಾಗಿಯೇ ಬರೆದದ್ದು. ಖರೇ ಹೇಳುತ್ತೇನೆ, ಅದು ಒಳ್ಳೆಯ ಪುಸ್ತಕ. ಮೊದಲು ತಂಬೂರಿಯನ್ನಷ್ಟೇ ಕೇಳಿ, ಬಿಡದೆ ಮೊಳಗುವ ‘ಸ’ ಕಿವಿಯಲ್ಲಿ ಕೂತ ಮೇಲೆ ಹಾಡು ಕೇಳಿ, ಹಾಡು ಎಷ್ಟು ದೂರ ಹೋದರೂ ಆ ‘ಸ’ಕ್ಕೇ ಮನೆಗೆ ಬರುತ್ತದೆ ಅಂತ ಅದರಲ್ಲಿತ್ತು. ತೀನ್‌ತಾಲ ಅಂದರೆ ಹದಿನಾರು ಮಾತ್ರೆ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ, ಒಂಬತ್ತಕ್ಕೆ ಬರಿಗೈ ಬೀಸುವುದು, ಅದೇ ಖಾಲಿ. ಲೆಕ್ಕ ತಪ್ಪಿದರೆ ಗಾಬರಿ ಬೇಡ. ಖಾಲಿಯ ಕಡೆ ಬಂದಾಗ ತಬಲಾದ ಎಡಗೈ ಕಡೆಯ ಡಗ್ಗಾದ ಗುಂ ಅನ್ನುವ ಸದ್ದು ಅಡಗುತ್ತದೆ, ಮತ್ತೆ ಆ ಗುಂ ಬಂತೆಂದರೆ ಮೊದಲ ಮಾತ್ರೆ, ಸಮ್, ಹತ್ತಿರ ಬಂತು ಅಂತ ತಿಳಿಯಿರಿ. ಹಾಡಿನ ಮೊದಲ ತುಣುಕು, ಮುಖಡಾ, ಮತ್ತೆ ಮತ್ತೆ ಬಂದು ಆ ಸಮ್ ಮೇಲೇ ಇಳಿಯುತ್ತದೆ. ‘ವ್ಹಾ’ ಹುಟ್ಟುವುದು ಅಲ್ಲೇ.

ಅಂಗಡಿಯಲ್ಲಿ, ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕಿದೆ. ಸಮ್ ಹಿಡಿಯಿತು. ಹಿಡಿದದ್ದೇ ತಡ, ಕಲಿಸುವ ಚಟವೂ ಹತ್ತಿತು. ಮೊದಲ ಗಿರಾಕಿ ಹೆಂಡತಿ. ಅವಳು ಬೈಠಕ್ಕಿನಲ್ಲಿ ಕಣ್ಣು ಮುಚ್ಚಿ ಕೂತುಬಿಡುವವಳು. ನಾನು ಮೊಣಕೈಯಿಂದ ತಿವಿದು, “ಎಷ್ಟನೇ ಮಾತ್ರೆ? ಯಾವ ರಾಗ ಹೇಳು?” ಅನ್ನುತ್ತಿದ್ದೆ.

“ಕೇಳಾಕ ಬಿಡ್ರಿ ಸ್ವಲ್ಪ,” ಅನ್ನುತ್ತಿದ್ದಳು.

ನನ್ನನ್ನು ಕೆಡಿಸಿದ್ದು ಪುಸ್ತಕದ ಕೊನೆಯ ಪಟ್ಟಿ. ರಾಗದ ಹೆಸರು, ಹತ್ತುವ ಸ್ವರ, ಇಳಿಯುವ ಸ್ವರ, ಹಾಡುವ ಹೊತ್ತು. ವ್ಯಾಪಾರದವನಿಗೆ ಪಟ್ಟಿ ಅಂದರೆ ಪ್ರಾಣ. ನಡುವೆ ಉಳಿದ ಪುಟಗಳನ್ನೆಲ್ಲ ಬಿಟ್ಟು ಅದನ್ನೇ ಉರು ಹೊಡೆದೆ. ಮೊಬೈಲಿನಲ್ಲಿ ಭೂಪ್ ರಾಗವನ್ನು ಎಷ್ಟು ಸಲ ಕೇಳಿದ್ದೆನೆಂದರೆ ಅದರ ಐದು ಸ್ವರಗಳು, ಸ ರಿ ಗ ಪ ಧ, ಎಲ್ಲಿದ್ದರೂ ಗುರುತು ಹತ್ತುತ್ತಿದ್ದವು.

ಕಳೆದ ಚಳಿಗಾಲದಲ್ಲಿ ಅದೇ ರಾಣೆಬೆನ್ನೂರಿನ ಮನೆಯಲ್ಲಿ ಒಂದು ಭಾನುವಾರ ಮುಂಜಾನೆ ಬೈಠಕ್. ಹಾಡುವವರು ಧಾರವಾಡದ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು. ಅವರು ಶುರು ಮಾಡಿ ಸ್ವಲ್ಪ ಹೊತ್ತಿಗೆ ಐದೂ ಸ್ವರ ನನಗೆ ಸಿಕ್ಕವು. ನನ್ನ ಸಂಭ್ರಮ ಕೇಳಬೇಡಿ. ಹೆಂಡತಿಯ ಕಿವಿಯಲ್ಲಿ, “ಭೂಪ್ ಐತಿ. ಆದ್ರ ಸಂಜಿ ರಾಗ ಮುಂಜಾನೆ ಯಾಕ ಹಾಡಾಕತ್ತಾರ?” ಅಂದೆ.

ಅವಳು ಕಣ್ಣು ತೆರೆಯದೆ, “ಅದಲ್ಲ ಅನಸ್ತೈತ್ರಿ. ನೀವು ಮನ್ಯಾಗ ಹಚ್ಚತೀರಲ್ಲ, ಅದು ಇಷ್ಟು ಮ್ಯಾಲ ಮ್ಯಾಲ ಓಡಾಡಂಗಿಲ್ಲ,” ಅಂದಳು.

“ನಿನಗೇನು ತಿಳೀತೈತಿ? ಪುಸ್ತಕದಾಗ ಬರದಾರ. ಸುಮ್ನ ಕುಂದ್ರು!”

ಪಿಸುಮಾತು ಅಂದುಕೊಂಡಿದ್ದೆ. ಮಾರುಕಟ್ಟೆಯಲ್ಲಿ ಕೂಗಿ ಕೂಗಿ ಬೆಳೆದ ಗಂಟಲು, ಇಡೀ ಪಡಸಾಲೆಗೆ ಕೇಳಿತು. ಅಕ್ಕಪಕ್ಕದ ಹೆಂಗಸರು ಅವಳತ್ತ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ನೆಲ ನೋಡತೊಡಗಿದಳು. ಅಷ್ಟಕ್ಕೇ ನಾನು ಸುಮ್ಮನಾಗಲಿಲ್ಲ. ಹಾಡು ಮುಗಿದು ಚಹಾ ಬಂದಾಗ ನೇರ ಗಾಯಕಿಯ ಹತ್ತಿರ ಹೋಗಿ, “ಅಕ್ಕಾರ, ಭೂಪ್ ಭಾಳ ಚಲೋ ಆತ್ರಿ. ಆದ್ರ ಹೊತ್ತು ತಪ್ಪಲಿಲ್ಲೇನ್ರಿ?” ಅಂದೆ.

ಅವರು ನಕ್ಕರು. “ಸಾಹುಕಾರ್ರ, ಡಬ್ಬಿ ಮೆಣಸಿನಕಾಯಿ, ಕಡ್ಡಿ ಮೆಣಸಿನಕಾಯಿ ಎರಡೂ ಕೆಂಪ ಅದಾವ ಅಂತ ಒಂದ ಚೀಲಕ್ಕ ತುಂಬತೀರೇನು?” ಅಂದು, ಬಟ್ಟಲು ಕೆಳಗಿಟ್ಟು ಹಾಡಿ ತೋರಿಸಿದರು. ಭೂಪ್ ಕೆಳಗಿನ ‘ಸ’ದ ಸುತ್ತ ಸಾವಕಾಶ ನಡೆದು ‘ಗ’ದ ಮೇಲೆ ಕೂರುತ್ತದೆ. ಆಗ ಹಾಡಿದ್ದು ಮೇಲಿನ ‘ಧ’ದ ಮೇಲೆ ನಿಂತು ‘ಪ’ಕ್ಕೆ ಇಳಿಯುತ್ತದೆ, ‘ರಿ’ಯನ್ನು ಮುಟ್ಟಿಯೂ ಮುಟ್ಟದಂತೆ ದಾಟುತ್ತದೆ. ಸ್ವರ ಅವೇ ಐದು. “ಇದು ದೇಶಕಾರ್. ಮುಂಜಾನೇದ. ಎಲ್ಲಿ ನಿಂದ್ರತೈತಿ ನೋಡಬೇಕ್ರಿ, ಏನೇನ ಅದಾವ ಅಂತಷ್ಟ ನೋಡಿದ್ರ ಆಗೂದಿಲ್ಲ.”

ಎಲ್ಲರೂ ನಕ್ಕರು. ಅದು ನನಗೆ ದೊಡ್ಡದಲ್ಲ, ನಗೆಗೀಡಾಗಿ ಬೆಳೆದ ಮೈ ಇದು. ನಕ್ಕವರ ನಡುವೆ ಹೆಂಡತಿ ಒಬ್ಬಳೇ ನಗದೆ ನನ್ನ ಚಹಾ ಬಟ್ಟಲನ್ನು ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ಅದು ಚುಚ್ಚಿತು.

ಮನೆಗೆ ಬಂದು ಪುಸ್ತಕ ತೆಗೆದೆ. ಎಲ್ಲೋ ಬರೆದವರ ತಪ್ಪಿರಬೇಕು ಅನ್ನುವ ಆಸೆ. ಪಟ್ಟಿಯ ಹಿಂದಿನ ಪುಟದಲ್ಲೇ ಇತ್ತು: ಪಟ್ಟಿ ನೆನಪಿಗಷ್ಟೇ, ಗುರುತಿಸಲು ಅಲ್ಲ, ಒಂದೇ ಸ್ವರಗಳ ಎರಡು ರಾಗಗಳಿರುತ್ತವೆ, ದನಿ ಎಲ್ಲಿ ತಂಗುತ್ತದೆ, ಕೆಳಗಿನ ಅರ್ಧದಲ್ಲೋ ಮೇಲಿನ ಅರ್ಧದಲ್ಲೋ ಅಂತ ಕೇಳಿ. ಉದಾಹರಣೆಗೆ ಕೊಟ್ಟದ್ದೂ ಇವೇ ಎರಡನ್ನು. ಓದಿರಲೇ ಇಲ್ಲ. ಒಂದು ಮುಷ್ಟಿ ಕಾಯಿ ತೆಗೆದು ತೊಟ್ಟು ಮುರಿದು, ಹಿಸುಕಿ, ಮೂಸಿ ನೋಡದೆ ಒಂದು ಚೀಲವನ್ನೂ ಕೊಳ್ಳದ ನಾನು, ಬರೀ ಪಟ್ಟಿ ನೋಡಿ ರಾಗ ಕೊಂಡಿದ್ದೆ. ಕೇಳಿಯೇ ಗುರುತಿಸಿದವಳ ಬಾಯಿ ಮುಚ್ಚಿಸಿದ್ದೆ.

ಮುಂದಿನ ಬೈಠಕ್ಕಿಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅಡುಗೆಮನೆಯಲ್ಲಿ ಮೊಬೈಲ್ ಹಚ್ಚಿ ಕೇಳುತ್ತಿದ್ದವಳು ಅದನ್ನೂ ಬಿಟ್ಟಳು. ತಡೆಯಲಾರದೆ ಕೇಳಿದೆ, “ಸಿಟ್ಟೇನು?”

“ಸಿಟ್ಟಲ್ರಿ. ನಿಮ್ಮ ಬಾಜೂ ಕುಂತ್ರ ಪರೀಕ್ಷಾ ಬರಿಯಾಕ ಕುಂತಂಗ ಆಗತೈತಿ. ಈಗ ಹಾಡು ಶುರು ಆದ ಕೂಡಲೇ ಎದಿ ಡವಡವ ಅಂತೈತಿ, ಯಾವ ರಾಗ ಅಂತ ಕೇಳತೀರೋ ಏನೋ ಅಂತ. ಕೇಳೂದ ಆಗಂಗಿಲ್ಲ.”

ಏನು ಚೌಕಾಸಿ ಮಾಡಲಿ? ‘ತಪ್ಪಾತು’ ಅಂದೆ. “ಆತು ಬಿಡ್ರಿ,” ಅಂದಳು. ಅದು ಆಗಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ಯುಗಾದಿ ಕಳೆದ ಮೇಲೆ ಒಂದು ಸಂಜೆಯ ಬೈಠಕ್ಕಿಗೆ ಬಂದಳು. ನನ್ನ ಬಾಜೂ ಕೂರಲಿಲ್ಲ, ಹೆಂಗಸರ ಕಡೆ ದೂರ ಕೂತಳು. ನಾನು ಎರಡೂ ಕೈ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ತಾಳ ಹಾಕಲಿಲ್ಲ. ರಾಗ ಹುಡುಕಲಿಲ್ಲ ಅಂದರೆ ಮಾತ್ರ ಸುಳ್ಳು. ಹುಡುಕಿದೆ, ಸಿಗಲಿಲ್ಲ. ಒಮ್ಮೆ ಕಣ್ಣು ಆ ಕಡೆ ಹೋಯಿತು. ಅವಳು ಕಣ್ಣು ತೆರೆದೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು, ಹೆದರಿದ ಮಕ್ಕಳು ಮಾಸ್ತರರನ್ನು ನೋಡುವಂತೆ. ನಾನೇ ತಿರುಗಿ ಗೋಡೆ ನೋಡಿದೆ.

ಹಾವೇರಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತಳು. ಮೋಟೆಬೆನ್ನೂರು ದಾಟಿದ ಮೇಲೆ ಅವಳೇ ಮಾತು ತೆಗೆದಳು.

“ಕೇಳಲೇ ಇಲ್ಲಲ್ರೀ?”

“ಏನು?”

“ಯಾವ ರಾಗ ಅಂತ.”

“ನನಗೂ ಹತ್ತಲಿಲ್ಲ,” ಅಂದೆ.

“ಹೂಂ,” ಅಂದು ಕಿಟಕಿಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದಳು. ನಿದ್ದೆಯೋ, ಒಳಗೆ ಹಾಡು ನಡೆದಿತ್ತೋ ತಿಳಿಯಲಿಲ್ಲ. ಕೇಳುವ ಮಾತು ಬಾಯಿಯವರೆಗೂ ಬಂದಿತ್ತು. ನಾಚಿಕೆಯಾಗಿ ಸುಮ್ಮನೆ ಕೂತೆ.