ಮೊದಲ ಗಂಟೆ ಯಾರದ್ದು

ಈಗಲೂ ಯಾರಾದರೂ ಗಿರಾಕಿ ಬ್ರೆಡ್ಡು ಕಟ್ಟಿಸಿಕೊಳ್ಳುತ್ತಾ, "ನಿಮ್ಮ ದೊಡ್ಡ ಮಗಳು ಅಷ್ಟೊಂದು ಮಾರ್ಕ್ಸ್ ತಗೊಂಡಳಂತೆ, ನೀವೇ ಕೂತು ಓದಿಸಿದ್ರಂತೆ" ಎಂದು ಹೊಗಳಿದರೆ ನನ್ನ ತಮ್ಮನ ಮುಖ ಸಪ್ಪಗಾಗುತ್ತದೆ. ಒಲೆಯ ಮೇಲೆ ಏನೋ ಸೀಯುತ್ತಿದೆ ಅನ್ನುವವನ ಹಾಗೆ ಒಳಗೆ ಹೋಗಿಬಿಡುತ್ತಾನೆ. ಒಳಗೆ ಏನೂ ಸೀಯುತ್ತಿರುವುದಿಲ್ಲ. ಗಲ್ಲಾಪೆಟ್ಟಿಗೆ ಮುಂದೆ ಕೂರುವವಳು ನಾನು, ಅವನ ಅಕ್ಕ. ಗಿರಾಕಿಗೆ ಹಲ್ಲು ಕಿರಿದು ಚಿಲ್ಲರೆ ಕೊಟ್ಟು ಕಳಿಸುವ ಕೆಲಸ ನನ್ನದು.

ನಮ್ಮದು ಸಣ್ಣ ಬೇಕರಿ. ಕೆಳಗೆ ಅಂಗಡಿ, ಮೇಲೆ ಮನೆ. ಊರು ಏಳುವ ಮೊದಲೇ ತಮ್ಮ ಹಿಟ್ಟು ನಾದಲು ನಿಂತಿರುತ್ತಾನೆ. ಮಧ್ಯಾಹ್ನ ಹೋಟೆಲುಗಳಿಗೆ ಬನ್ನು ಹಾಕಿ ಬರುವುದೂ ಅವನೇ. ಸಂಜೆಯಾಗುವಷ್ಟರಲ್ಲಿ ಕಣ್ಣು ಕೆಂಪಗೆ, ತೋಳು ಸೋತು ಜೋಲು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಸಂಜೆ ಪಾಳಿ. ಹಾಗಾಗಿ ಇಬ್ಬರು ಹೆಣ್ಣುಮಕ್ಕಳ ಓದು ಅಪ್ಪನ ಪಾಲಿಗೆ ಬಂತು. ದೊಡ್ಡವಳು ಹತ್ತನೇ ತರಗತಿ. ಒಂದು ಪೆನ್ಸಿಲ್ ಬೇಕೆಂದರೂ ವಾದ ಹೂಡುವವಳು, ಅದಕ್ಕೇ ಲಾಯರ್ ಎಂದು ಹೆಸರಿಟ್ಟಿದ್ದೇವೆ. ಚಿಕ್ಕವಳು ಪುಟ್ಟಿ, ಎಂಟನೇ ತರಗತಿ. ಮನೆಯಲ್ಲಿದ್ದಾಳೋ ಇಲ್ಲವೋ ಎಂದು ಹುಡುಕಿ ನೋಡಬೇಕಾದ ಮಗು.

ಆ ವರ್ಷ ಶಾಲೆ ಶುರುವಾದಾಗ ಪೋಷಕರ ಸಭೆಯಲ್ಲಿ ಗಣಿತದ ಮಿಸ್ ಒಂದು ಮಾತು ಹೇಳಿದ್ದರು. ದಿನಕ್ಕೆ ಎರಡೇ ವಿಷಯ ಓದಿಸಿ, ಒಂದು ಭಾರದ್ದು, ಒಂದು ಹಗುರದ್ದು. ಎರಡು ಭಾರದ್ದನ್ನು ಒಂದೇ ದಿನ ಹೇರಿದರೆ ಮಗು ಎರಡನ್ನೂ ಕೆಳಗಿಡುತ್ತದೆ. ಬರೀ ಹಗುರದ್ದೇ ಓದಿಸಿದರೆ ಭಾರದ್ದು ವಾರಗಟ್ಟಲೆ ಮೂಲೆಯಲ್ಲಿ ಕೂರುತ್ತದೆ. ತಲೆ ತಾಜಾ ಇರುವಾಗ ಭಾರದ್ದು ಮೊದಲು, ಆಮೇಲೆ ಸ್ವಲ್ಪ ಓಡಾಡಿ ಹಗುರದ್ದು; ಮಗು ಖುಷಿಯಿಂದ ಪುಸ್ತಕ ಮುಚ್ಚಬೇಕು.

ತಮ್ಮನಿಗೆ ಇದು ಹಿಡಿಸಿಬಿಟ್ಟಿತು. ಮೈದಾ ಕಂಪನಿಯ ಹಳೇ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು, ಇಬ್ಬರಿಗೂ ಒಂದೊಂದು ವೇಳಾಪಟ್ಟಿ ಬರೆದ. ಗಣಿತದ ಜೊತೆ ಸಮಾಜ, ವಿಜ್ಞಾನದ ಜೊತೆ ಭಾಷೆ, ಇಂಗ್ಲಿಷ್ ವ್ಯಾಕರಣದ ಜೊತೆ ಚಿತ್ರಕಲೆ. ಸೋಮವಾರದ್ದೇ ಗುರುವಾರ, ಮಂಗಳವಾರದ್ದೇ ಶುಕ್ರವಾರ, ಬುಧವಾರದ್ದೇ ಶನಿವಾರ. ಭಾನುವಾರ ರಜ. ಭಾರದ್ದಕ್ಕೆ ಕೆಂಪು ಪೆನ್ನು, ಹಗುರದ್ದಕ್ಕೆ ಹಸಿರು. ಗೋಡೆಗೆ ಅಂಟಿಸಿ ನನ್ನನ್ನು ಮೇಲಕ್ಕೆ ಕರೆದು ತೋರಿಸಿದ. ಮದುವೆಯಲ್ಲೂ ಅವನ ಮುಖ ಅಷ್ಟು ಅರಳಿರಲಿಲ್ಲ.

ಪಟ್ಟಿಯೇನೋ ಎರಡು, ಅಪ್ಪ ಮಾತ್ರ ಒಬ್ಬನೇ. ಇಬ್ಬರೂ ಒಟ್ಟಿಗೆ ಭಾರದ್ದು ಹಿಡಿದು ಕೂತರೆ ಯಾರ ಪಕ್ಕ ಕೂರುವುದು? ಅವನು ಒಂದು ಉಪಾಯ ಮಾಡಿದ. ಮೊದಲ ಗಂಟೆ ಲಾಯರ್ ಭಾರದ್ದನ್ನು ಅಪ್ಪನ ಜೊತೆ ಓದಲಿ, ಪುಟ್ಟಿ ತನ್ನ ಹಗುರದ್ದನ್ನು ತಾನೇ ಓದಿಕೊಳ್ಳಲಿ. ಎರಡನೇ ಗಂಟೆ ಅದಲುಬದಲು. ದೊಡ್ಡವಳಿಗೆ ಬೋರ್ಡ್ ಪರೀಕ್ಷೆ, ಈ ಒಂದು ವರ್ಷ ಹೀಗೆ ನಡೆಯಲಿ ಎಂದು ಪಟ್ಟಿಯನ್ನೂ ಹಾಗೇ ತಿದ್ದಿದ. ನನಗೂ ಸರಿ ಅನ್ನಿಸಿತು. ಲೆಕ್ಕ ನೋಡಿದರೆ ಇಬ್ಬರಿಗೂ ಸಮಪಾಲು, ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ವರ್ಷ ಕಳೆಯಿತು. ಲಾಯರ್ ಶಾಲೆಗೇ ಎರಡನೆಯವಳಾಗಿ ಪಾಸಾದಳು. ತಮ್ಮ ಅಂಗಡಿಗೆ ಬಂದವರಿಗೆಲ್ಲ ಒಂದೊಂದು ಬನ್ನು ಹಂಚಿದ. ಅದೇ ವಾರ ಪುಟ್ಟಿಯ ಫಲಿತಾಂಶವೂ ಬಂತು. ಗಣಿತ, ವಿಜ್ಞಾನ ಎರಡರಲ್ಲೂ ಫೇಲು. ಒಂದು ತಿಂಗಳ ರಜೆ ಕಳೆದ ಮೇಲೆ ಮರುಪರೀಕ್ಷೆ. ಅದರಲ್ಲೂ ಆಗದಿದ್ದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ, ಗೆಳತಿಯರೆಲ್ಲ ಮುಂದೆ.

ಅವತ್ತು ತಮ್ಮ ಆಡಬಾರದ್ದನ್ನು ಆಡಿದ. ಗಿರಾಕಿಗಳ ಎದುರಿಗೇ.

"ನಿನಗೆ ಏನು ಕಡಿಮೆ ಮಾಡಿದ್ದೀನಿ ಹೇಳು. ಅಕ್ಕನಿಗೆ ಒಂದು ಗಂಟೆ, ನಿನಗೂ ಒಂದು ಗಂಟೆ. ದಿನಾ ಪಕ್ಕದಲ್ಲೇ ಕೂತಿರಲಿಲ್ವಾ ನಾನು?"

ಪುಟ್ಟಿ ಅಪ್ಪನ ಮುಖ ನೋಡಿದಳು. "ಹೂಂ ಅಪ್ಪ, ಕೂತಿದ್ರಿ" ಎಂದಳು. ಕೈಯಲ್ಲಿದ್ದ ಬನ್ನನ್ನು ತಟ್ಟೆಗೆ ವಾಪಸ್ಸಿಟ್ಟು ಮೇಲೆ ಹೋದಳು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ.

ಮಾರನೆಯ ದಿನ ಗಣಿತದ ಮಿಸ್ ಕರೆಸಿದರು. ತಮ್ಮನ ಜೊತೆ ನಾನೂ ಹೋದೆ. ಇವನು ಮೊಬೈಲಿನಲ್ಲಿ ತನ್ನ ವೇಳಾಪಟ್ಟಿಯ ಫೋಟೋ ತೆಗೆದು ಮುಂದಿಟ್ಟ. ನೀವು ಹೇಳಿದ ಹಾಗೇ ಮಾಡಿದ್ದೇನೆ ಮಿಸ್, ತಪ್ಪು ನನ್ನದಲ್ಲ ಎನ್ನುವ ಧಾಟಿ. ಮಿಸ್ ಫೋಟೋ ದೊಡ್ಡದು ಮಾಡಿ ನೋಡಿದರು.

"ಜೋಡಿ ಚೆನ್ನಾಗಿ ಮಾಡಿದ್ದೀರ. ಆದ್ರೆ ಇವಳದ್ದರಲ್ಲಿ ಹಸಿರು ಮೊದಲು, ಕೆಂಪು ಆಮೇಲೆ ಇದೆಯಲ್ಲ?"

"ಆ ಹೊತ್ತಿಗೆ ದೊಡ್ಡವಳಿಗೆ ಹೇಳಿಕೊಡ್ತಿದ್ದೆ ಮಿಸ್. ಇವಳಿಗೆ ಎರಡನೇ ಗಂಟೆ."

"ಅಷ್ಟೊತ್ತಿಗೆ ಮಗುವಿನ ತಲೆ ದಣಿದಿರುತ್ತೆ. ನೀವೂ ದಣಿದಿರ್ತೀರಿ, ಅಲ್ವಾ?"

ಅವರು ಸಹಜವಾಗಿ ಕೇಳಿದರು ಅಷ್ಟೆ, ಚುಚ್ಚಬೇಕೆಂದಲ್ಲ. ತಮ್ಮ ಮೊಬೈಲು ವಾಪಸ್ಸು ತೆಗೆದುಕೊಂಡು ಜೇಬಿಗಿಟ್ಟ. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಶಾಲೆಯ ಗೇಟಿನ ಹೊರಗೆ ಬಂದವನೇ ಗೋಡೆಗೆ ಕೈ ಕೊಟ್ಟು ನಿಂತ.

"ಅಕ್ಕಾ, ನಾನು ನಿದ್ದೆ ಮಾಡ್ತಿದ್ದೆ."

"ಯಾವಾಗ?"

"ಅವಳ ಗಂಟೇಲಿ. ಒಂದು ದಿನ ಎರಡು ದಿನ ಅಲ್ಲ. ಒಂದು ಲೆಕ್ಕ ಹೇಳಿಕೊಡೋಷ್ಟರಲ್ಲಿ ಕಣ್ಣು ಎಳೀತಿತ್ತು. ಎದ್ದಾಗ ಊಟಕ್ಕೆ ಹೊತ್ತಾಗಿರ್ತಿತ್ತು. ಆಯ್ತಾ ಪುಟ್ಟಿ ಅಂದ್ರೆ ಆಯ್ತು ಅಪ್ಪ ಅಂತಿದ್ಲು. ನಾನೂ ಸದ್ಯ ಆಯ್ತಲ್ಲ ಅಂದ್ಕೊಳ್ತಿದ್ದೆ."

ಬೈಯೋಣ ಎಂದು ಬಾಯಿ ತೆರೆದೆ. ಬೈಯಲು ಏನು ಉಳಿದಿತ್ತು? ನಾನು ಕೆಳಗೆ ಗಲ್ಲಾದಲ್ಲಿ ಕೂತು, ಮೇಲೆ ಸದ್ದಿಲ್ಲವೆಂದರೆ ಓದು ಜೋರಾಗಿ ನಡೆದಿದೆ ಎಂದುಕೊಂಡಿದ್ದವಳು.

ಮನೆಗೆ ಬಂದು ಲಾಯರನ್ನು ಕೇಳಿದೆವು. ಅವಳು ಮೊದಲ ಬಾರಿಗೆ ವಾದ ಮಾಡಲಿಲ್ಲ. "ಗೊತ್ತಿತ್ತು ಅತ್ತೆ. ನಾನು ಎಬ್ಬಿಸೋಕೆ ಹೋದ್ರೆ ಅವಳು ಬಿಡ್ತಿರಲಿಲ್ಲ. ಅಪ್ಪ ಬೆಳಿಗ್ಗೆ ಬೇಗ ಏಳ್ಬೇಕು ಅಂತಿದ್ಲು" ಎಂದು ಅತ್ತುಬಿಟ್ಟಳು. ನರ್ಸಮ್ಮ ಆ ವಿಷಯ ಕೇಳಿ ಗಂಡನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ತಪ್ಪು ಮಾಡಿದವನ ಅವಸರ ನೋಡಬೇಕು. ಅವತ್ತೇ ಹೊಸ ಪಟ್ಟಿ ಬರೆದ: ದಿನಾ ಗಣಿತ, ದಿನಾ ವಿಜ್ಞಾನ, ಎಲ್ಲ ಕೆಂಪೋ ಕೆಂಪು. ನನಗೆ ಕೆಂಡಾಮಂಡಲ ಸಿಟ್ಟು ಬಂತು. "ನಿನ್ನ ಪಾಪ ತೊಳ್ಕೊಳ್ಳೋಕೆ ಮಗು ಬೆನ್ನು ಮುರೀಬೇಡ. ಮಿಸ್ ಹೇಳಿದ್ದೇನು?" ಎಂದು ಪೆನ್ನು ಕಿತ್ತುಕೊಂಡೆ. ಕೊನೆಗೆ ಮೂರು ದಿನ ಗಣಿತ, ಮೂರು ದಿನ ವಿಜ್ಞಾನ, ಒಂದು ಬಿಟ್ಟು ಒಂದು. ಜೊತೆಗೆ ಹಗುರದ್ದು ಯಾವುದು ಎಂದು ಪುಟ್ಟಿಯನ್ನೇ ಕೇಳಿದೆವು. ಅವಳು ಗಣಿತದ ಜೊತೆ ಭಾಷೆ, ವಿಜ್ಞಾನದ ಜೊತೆ ಚಿತ್ರ ಎಂದಳು. ಈ ಸಲ ಭಾರದ್ದು ಮೊದಲ ಗಂಟೆ, ಅಪ್ಪನ ಜೊತೆ. ಹೋಟೆಲುಗಳಿಗೆ ಬನ್ನು ಹಾಕುವ ಕೆಲಸಕ್ಕೆ ಒಬ್ಬ ಆಟೋದವನನ್ನು ಗೊತ್ತು ಮಾಡಿ, ತಮ್ಮ ಮಧ್ಯಾಹ್ನ ಮಲಗಲು ಶುರು ಮಾಡಿದ. ಈ ಬುದ್ಧಿ ಹೋದ ವರ್ಷವೇ ಬರಬಹುದಿತ್ತಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಪುಟ್ಟಿ ಮರುಪರೀಕ್ಷೆಯಲ್ಲಿ ಪಾಸಾದಳು ಎಂದು ಈಗಲೇ ಹೇಳಿಬಿಡುತ್ತೇನೆ. ಕೂದಲೆಳೆಯ ಅಂತರದಲ್ಲಿ, ಆದರೂ ಪಾಸು. ನನ್ನ ತಮ್ಮನ ಮನಸ್ಸಿನಲ್ಲಿ ಉಳಿದಿರುವುದು ಅದಲ್ಲ, ಆ ತಿಂಗಳ ಒಂದು ಸಂಜೆ.

ಮೊದಲ ವಾರವೆಲ್ಲ ಅವನು ಪೂರ್ತಿ ಎಚ್ಚರವಾಗಿ ಪಕ್ಕದಲ್ಲಿ ಕೂತರೂ ಪುಟ್ಟಿ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅರ್ಥವಾಯ್ತಾ ಎಂದರೆ ಆಯ್ತು. ಏನಾದರೂ ಕೇಳಬೇಕಾ ಎಂದರೆ ಇಲ್ಲ. ಲೆಕ್ಕ ಕೊಟ್ಟರೆ ತಪ್ಪು. ಇವನು ಒಳಗೊಳಗೇ ಕುದಿಯುತ್ತಿದ್ದ, ಅವಳ ಮೇಲಲ್ಲ. ಆ ಸಂಜೆ ನಾನು ಕೆಳಗಿನ ಗಲ್ಲಾವನ್ನು ಲಾಯರಿಗೆ ಒಪ್ಪಿಸಿ, ಇಬ್ಬರಿಗೂ ಚಹಾ ತಂದು ಬಾಗಿಲಲ್ಲಿ ನಿಂತಿದ್ದೆ. ಯಾವುದೋ ಸಮೀಕರಣ. ಒಂದು ಬದಿಯ ಸಂಖ್ಯೆಯನ್ನು ಇನ್ನೊಂದು ಬದಿಗೆ ಒಯ್ದು x ಎಷ್ಟು ಎಂದು ಕಂಡುಹಿಡಿಯಬೇಕು. ತಮ್ಮ ಅದನ್ನು ಹೇಗೆ ಬಿಡಿಸಿ ಹೇಳಲಿ ಎಂದು ಯೋಚಿಸುತ್ತಾ, ಕುರ್ಚಿಗೆ ಒರಗಿ ಒಂದು ಕ್ಷಣ ಕಣ್ಣು ಮುಚ್ಚಿದ. ಯೋಚಿಸುವಾಗ ಅವನು ಹಾಗೆಯೇ, ಚಿಕ್ಕಂದಿನಿಂದ.

ಪುಟ್ಟಿ ಅಪ್ಪನನ್ನು ಓರೆಗಣ್ಣಿನಲ್ಲಿ ನೋಡಿದಳು. ಪೆನ್ಸಿಲನ್ನು ಸದ್ದಾಗದ ಹಾಗೆ ಮೇಜಿನ ಮೇಲಿಟ್ಟಳು. ಮೇಜಿನ ದೀಪದ ಕುತ್ತಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕು ಅವನ ಮುಖಕ್ಕೆ ಬೀಳದಂತೆ ಗೋಡೆಯ ಕಡೆ ತಿರುಗಿಸಿದಳು. ತನ್ನ ಕುರ್ಚಿಯ ಬೆನ್ನಿಗಿದ್ದ ಶಾಲು ತೆಗೆದು ಅವನ ಎದೆಯ ಮೇಲೆ ಹೊದಿಸಿದಳು. ಯೋಚಿಸದೆ, ತಡವರಿಸದೆ, ದಿನನಿತ್ಯದ ಕೆಲಸದ ಹಾಗೆ ಇಷ್ಟೂ ಮಾಡಿ ಪುಸ್ತಕ ಮುಚ್ಚಿದಳು.

ತಮ್ಮ ಕಣ್ಣು ತೆರೆಯಲಿಲ್ಲ. ತೆರೆಯುವ ಧೈರ್ಯ ಬರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ರೆಪ್ಪೆಯ ಅಂಚಿನಿಂದ ನೀರು ಇಳಿದು ಗಡ್ಡಕ್ಕೆ ಹೋಯಿತು.

"ಪುಟ್ಟಿ, ನಾನು ಎದ್ದೇ ಇದ್ದೀನಿ ಕಣೇ" ಎಂದ.

"ಪರವಾಗಿಲ್ಲ ಅಪ್ಪ, ಮಲಕ್ಕೊಳ್ಳಿ. ನಾನು ಮಾಡ್ಕೋತೀನಿ."

"ಇಲ್ಲ. ನೀನು ಮಾಡ್ಕೋಬೇಡ. ನನ್ನನ್ನ ಕೇಳು."

ಅವನು ಶಾಲು ತೆಗೆದಿಟ್ಟು ದೀಪವನ್ನು ತಾನೇ ಈ ಕಡೆ ತಿರುಗಿಸಿದ. ಪುಟ್ಟಿ ಅವನ ಒದ್ದೆ ಮುಖವನ್ನು ತುಂಬಾ ಹೊತ್ತು ನೋಡಿದಳು, ನಿಜವಾಗಲೂ ಎಚ್ಚರವಾಗಿದ್ದಾನಾ ಎಂದು ಪರೀಕ್ಷಿಸುವ ಹಾಗೆ. ಆಮೇಲೆ ಪುಸ್ತಕ ತೆರೆದು, ಅವತ್ತಿನ ಪಾಠ ಬಿಟ್ಟು, ಹಿಂದೆ ಹಿಂದೆ ಹಾಳೆ ಮಗುಚುತ್ತಾ ಹೋದಳು. ವರ್ಷದ ಮೊದಲ ತಿಂಗಳ ಪಾಠದಲ್ಲಿ ಬೆರಳಿಟ್ಟಳು.

"ಇಲ್ಲಿಂದ ಗೊತ್ತಿಲ್ಲ ಅಪ್ಪ."