ನಿಷೇಧವಲ್ಲ, ಅಸಂಭವ

ಶಿರಸಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ನಾನು ಕಾಯಿಸಿದ ನೀರನ್ನು ತಣ್ಣೀರಿಗೆ ಬೆರೆಸಿ ಉಷ್ಣತೆ ಅಳೆದು ಮುಗಿಸಿದ್ದೆ. ಧಾರವಾಡದ ಕಡೆಯಿಂದ ಬಂದ ಪರೀಕ್ಷಕರು ಮೌಖಿಕಕ್ಕೆ ಕೂತರು. ಬೆಚ್ಚಗಾದ ಈ ನೀರು ಮತ್ತೆ ಬಿಸಿ, ತಣ್ಣಗೆ ಎಂದು ಬೇರೆಯಾಗುವುದಿಲ್ಲ ಏಕೆ ಎಂದು ಕೇಳಿದರು. ಎಂಟ್ರೊಪಿ ಕಡಿಮೆಯಾಗಬೇಕಾಗುತ್ತದೆ, ಅದಕ್ಕೆ ಎಂದೆ.

"ಅಂದ್ರ ನಿಯಮ ಅದನ್ನ ನಿಷೇಧ ಮಾಡೇತಿ. ಹಂಗ ಹೇಳು."

"ನಿಷೇಧ ಅಲ್ಲ ಸರ್. ಅಸಂಭವ, ಅಷ್ಟೇ."

ಅವರ ಪೆನ್ನು ನಿಂತಿತು. ಪಕ್ಕದಲ್ಲಿದ್ದ ನಮ್ಮ ಮೇಷ್ಟ್ರು ಸುಮ್ಮನಿರು ಎಂದು ಕಣ್ಣಲ್ಲೇ ಸೂಚಿಸಿದರು. ನನಗೆ ಸುಮ್ಮನಿರಲು ಮನಸ್ಸಾಗಲಿಲ್ಲ. ಗೆಳತಿಯರಿಂದ ನಾಲ್ಕು ನಾಣ್ಯ ಇಸಿದುಕೊಂಡು ಬೀಕರಿನಲ್ಲಿ ಕುಲುಕಿ ಮೇಜಿನ ಮೇಲೆ ಸುರಿದೆ. ನಾಲ್ಕೂ ಹೆಡ್ ಬೀಳಲು ಒಂದೇ ದಾರಿ, ಎರಡು ಹೆಡ್ ಎರಡು ಟೇಲ್ ಬೀಳಲು ಆರು ದಾರಿ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಸ್ಥಿತಿಯೊಳಗೆ ಇಂಥ ದಾರಿ ಎಷ್ಟಿವೆ ಎಂಬುದರ ಅಳತೆಯೇ ಎಂಟ್ರೊಪಿ ಎಂದು ವಿವರಿಸುತ್ತ ಮತ್ತೆ ಮತ್ತೆ ಸುರಿದೆ. ಕೊನೆಗೂ ನಾಲ್ಕೂ ಹೆಡ್ ಬಿದ್ದವು. ನೀರಿನ ಅಣುಗಳು ಲೆಕ್ಕಕ್ಕೇ ಸಿಗದಷ್ಟಿವೆ, ಅವು ಹೀಗೆ ಬೇರೆಯಾಗುವುದನ್ನು ನೋಡಲು ವಿಶ್ವದ ವಯಸ್ಸೂ ಸಾಲದು ಎಂದೆ.

ಅವರಿಗೆ ಸಿಟ್ಟು ಬಂದಿತ್ತು. ಆದರೂ ಕೇಳಿದ ಪ್ರಶ್ನೆ ಚುರುಕಾಗಿತ್ತು. ಎರಡು ಅಣು ಡಿಕ್ಕಿ ಹೊಡೆದದ್ದನ್ನು ಚಿತ್ರೀಕರಿಸಿ ಹಿಂದುಮುಂದಾಗಿ ತೋರಿಸಿದರೂ ತಪ್ಪು ಕಾಣುವುದಿಲ್ಲವಲ್ಲ. ನಿನ್ನ ಎಣಿಕೆ ನಂಬಿದರೆ ನಾಳೆಯಂತೆ ನಿನ್ನೆಯೂ ಎಂಟ್ರೊಪಿ ಹೆಚ್ಚೇ ಇದ್ದಿರಬೇಕು, ಹಾಗಾದರೆ ಕಾಲಕ್ಕೆ ದಿಕ್ಕು ಎಲ್ಲಿಂದ ಬಂತು ಎಂದರು.

ಎಣಿಕೆಯೊಂದರಿಂದಲೇ ಬರುವುದಿಲ್ಲ, ಶುರುವಿನಿಂದ ಬರುತ್ತದೆ ಎಂದೆ. ಬರ್ನರ್ ಮೇಲೆ ಕಾಯಿಸಿ ಬಿಸಿಯನ್ನೂ ತಣ್ಣಗಿನದನ್ನೂ ಮೊದಲು ಬೇರೆ ಇಟ್ಟವಳು ನಾನು; ಅದಕ್ಕೇ ಇಲ್ಲಿ ಮೊದಲು, ಆಮೇಲೆ ಎಂಬುದಿದೆ. ಇಡೀ ವಿಶ್ವವೂ ಬಹಳ ಕಡಿಮೆ ಎಂಟ್ರೊಪಿಯಿಂದ ಹೊರಟಿತು. ನಮಗೆ ನಿನ್ನೆಯ ನೆನಪಿದ್ದು ನಾಳೆಯದು ಇಲ್ಲದಿರುವುದೂ ಅದರಿಂದಲೇ ಎಂದು ಬಹುತೇಕ ಭೌತವಿಜ್ಞಾನಿಗಳು ಹೇಳುತ್ತಾರೆ.

"ಹಂಗ್ಯಾಕ ಹೊಂಟಿತು?"

"ಗೊತ್ತಿಲ್ಲ ಸರ್. ಯಾರಿಗೂ ಪೂರ್ತಿ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ ಮಾರ್ಕ್ಸ್ ಕೊಡಾಕ ಬರೂದಿಲ್ಲ" ಎಂದು ಹಾಳೆ ಮಡಚಿದರು.

ಹೊರಗೆ ಮೇಷ್ಟ್ರು ನನ್ನನ್ನು ಕಾರಿಡಾರಿನ ಮೂಲೆಗೆ ಕರೆದರು. ಅವರು ನಮ್ಮ ಕಡೆಯವರೇ, ನಮ್ಮದೇ ಮನೆಮಾತಿನವರು, ನನ್ನ ಮೇಲೆ ಅಕ್ಕರೆಯಿದ್ದವರು. ಒಳಗೆ ಹೋಗಿ ತಪ್ಪಾಯಿತು ಎಂದುಬಿಡು, ಒಂದು ಮಾತಿಗೆ ವರ್ಷದ ಶ್ರಮ ಹಾಳು ಮಾಡಿಕೊಳ್ಳಬೇಡ ಎಂದು ಬೇಡಿಕೊಂಡಂತೆ ಹೇಳಿದರು.

"ಆನು ಹೇಳ್ತ್ನಿಲ್ಲೆ ಸರ್. ತಪ್ಪಾದ್ರೆ ಎಲ್ಲಿ ತಪ್ಪು ಹೇಳಿ ತೋರ್ಸಿ" ಎಂದೆ. ಅವರು ತಲೆಯಾಡಿಸುತ್ತ ಒಳಗೆ ಹೋದರು.

ಮೌಖಿಕದ ಅಂಕ ಕೈಕೊಟ್ಟಿತು, ಪ್ರಾಯೋಗಿಕದಲ್ಲಿ ಮೊದಲು ಬಂದವರಿಗೆ ಕಾಲೇಜು ಕೊಡುವ ಬಹುಮಾನ ಬೇರೆಯವಳಿಗೆ ಹೋಯಿತು. ಮನೆಗೆ ಹೋಗಿ ಅತ್ತುಬಿಟ್ಟೆ. ಆದರೆ ಕೆಲ ವಾರಗಳ ನಂತರದ ಲಿಖಿತ ಪರೀಕ್ಷೆಯಲ್ಲಿ ಎಂಟ್ರೊಪಿಯ ಪ್ರಶ್ನೆ ಬಂದಾಗ ಅದೇ ಉತ್ತರವನ್ನು ಇನ್ನೂ ಉದ್ದವಾಗಿ ಬರೆದೆ.

ಈಗ ಯಲ್ಲಾಪುರದಲ್ಲಿ ಪಾಠ ಮಾಡುತ್ತೇನೆ. 'ಎಂಟ್ರೊಪಿ ಎಂದರೆ ಅವ್ಯವಸ್ಥೆ' ಎಂಬ ಗೈಡಿನ ಒಂದು ಸಾಲು ಸಾಕು, ಪರೀಕ್ಷೆಗೆ ಅಷ್ಟೇ ಬೇಕು ಎಂದು ಮಕ್ಕಳೂ ಪಾಲಕರೂ ಪ್ರತಿ ವರ್ಷ ಕೇಳುತ್ತಾರೆ. ನಾನು ಕೊಡುವುದಿಲ್ಲ.